ನಾನಿಲ್ಲದಿರುವಾಗಲೂ ಹೊಸ ಟೆಕ್ನಿಷಿಯನ್ ಸರಿಯಾಗಿ ಮಾಡುವಂತೆ ಎಸ್‌ಒಪಿ ಬರೆಯುವುದು ಹೇಗೆ? (ಪಿಎಚ್ ಮೀಟರ್)

ಮೂರು ಜನರ ಲ್ಯಾಬ್

ನಮಸ್ಕಾರ. ನಮ್ಮದು ನೀರು ಪರೀಕ್ಷಿಸುವ ಚಿಕ್ಕ ಲ್ಯಾಬ್. ಇಷ್ಟು ದಿನ ನಾನೇ ಎಲ್ಲ ಮಾಡುತ್ತಿದ್ದೆ. ಈಗ ಇಬ್ಬರು ಹೊಸ ಟೆಕ್ನಿಷಿಯನ್‌ಗಳು ಸೇರಿದ್ದಾರೆ. ಸ್ಯಾಂಪಲ್ ತರುವ ಕೆಲಸಕ್ಕೆ ನಾನು ದಿನದ ಅರ್ಧ ಹೊತ್ತು ಹೊರಗೇ ಇರಬೇಕಾಗುತ್ತದೆ, ಹಾಗಾಗಿ ಆ ಹೊತ್ತಿನಲ್ಲಿ ಅವರ ಪಕ್ಕದಲ್ಲಿ ನಿಲ್ಲುವವರು ಯಾರೂ ಇಲ್ಲ.

ಕಳೆದ ವಾರ ಒಂದೇ ಬಾಟಲಿಯ ನೀರಿಗೆ ಬೆಳಿಗ್ಗೆ ಒಬ್ಬರು ಪಿಎಚ್ 7.6 ಎಂದು ಬರೆದರು, ಸಂಜೆ ಇನ್ನೊಬ್ಬರು 8.0 ಎಂದು ಬರೆದರು. ಯಾವುದು ಸರಿ ಎಂದು ನನಗೆ ಹೇಳಲಾಗಲಿಲ್ಲ. ಇಬ್ಬರೂ ಎಸ್‌ಒಪಿ ನೋಡಿಯೇ ಮಾಡಿದ್ದೇವೆ ಅಂದರು, ಅದು ನಿಜವೂ ಹೌದು. ಎಸ್‌ಒಪಿಯಲ್ಲಿ ಇರುವುದು ಇಷ್ಟು:

"ಮೀಟರ್ ಆನ್ ಮಾಡಿ. ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು ಒರೆಸಿ. ಬಫರ್‌ಗಳಿಂದ ಕ್ಯಾಲಿಬ್ರೇಟ್ ಮಾಡಿ. ಸ್ಯಾಂಪಲ್‌ನಲ್ಲಿ ಎಲೆಕ್ಟ್ರೋಡ್ ಮುಳುಗಿಸಿ, ರೀಡಿಂಗ್ ಸ್ಥಿರವಾದ ಮೇಲೆ ಬರೆದುಕೊಳ್ಳಿ. ಎಲೆಕ್ಟ್ರೋಡ್ ತೊಳೆದು ಇಡಿ."

ನನಗೆ ಇದು ಸಾಕಾಗಿತ್ತು. ಅವರಿಗೆ ಸಾಲಲಿಲ್ಲ. ಇದನ್ನು ಹೇಗೆ ಬರೆದರೆ ನಾನಿಲ್ಲದಿದ್ದರೂ ನಡೆಯುತ್ತದೆ?

ಬರೆದಿದ್ದೇ ದಾಖಲೆ

ಸರ್, ಮೊದಲು ಫಾರ್ಮ್ಯಾಟ್ ಸರಿ ಮಾಡಿಕೊಳ್ಳಿ. ಮೊದಲ ಪುಟದಲ್ಲಿ ಡಾಕ್ಯುಮೆಂಟ್ ನಂಬರ್, ರಿವಿಷನ್ ನಂಬರ್, ಜಾರಿಯಾದ ದಿನಾಂಕ, ಬರೆದವರು, ಪರಿಶೀಲಿಸಿದವರು, ಅನುಮೋದಿಸಿದವರ ಸಹಿ ಇರಬೇಕು. ಆಮೇಲೆ ಉದ್ದೇಶ, ವ್ಯಾಪ್ತಿ, ಜವಾಬ್ದಾರಿ. ಆಡಿಟ್‌ಗೆ ಬಂದವರು ಮೊದಲು ಕೇಳುವುದೇ ಇದನ್ನು. ಬೇಕಿದ್ದರೆ ನಮ್ಮಲ್ಲಿರುವ ಖಾಲಿ ಫಾರ್ಮ್ಯಾಟ್ ಕಳಿಸುತ್ತೇನೆ.

ಮೂರು ಜನರ ಲ್ಯಾಬ್

ಧನ್ಯವಾದ ಸರ್. ಆ ಭಾಗ ನಮ್ಮಲ್ಲಿ ಇದೆ, ಆಡಿಟ್‌ನಲ್ಲಿ ತೊಂದರೆಯಾಗಿಲ್ಲ. ನನ್ನ ಸಂಕಟ ಆಡಿಟ್ ಅಲ್ಲ. ಕಾಗದ ಪಾಸಾಗಿದೆ, ಆದರೆ ಆ ಕಾಗದ ನೋಡಿ ಕೆಲಸ ಮಾಡಿದ ಇಬ್ಬರಿಗೆ ಎರಡು ಉತ್ತರ ಬಂದಿವೆ.

ಎಲ್ಲ ವಿವರ ಬೇಕು

ನನ್ನ ಅನುಭವದಲ್ಲಿ ಇದಕ್ಕೆ ಒಂದೇ ದಾರಿ: ಎಲ್ಲವನ್ನೂ ಬರೆಯುವುದು. ನಮ್ಮ ಪಿಎಚ್ ಎಸ್‌ಒಪಿ 22 ಪುಟ ಇದೆ. ಪ್ರತಿ ಬಟನ್‌ಗೂ ಫೋಟೋ ಹಾಕಿದ್ದೇವೆ. ಪಿಎಚ್ ಅಂದರೇನು, ಎಲೆಕ್ಟ್ರೋಡ್ ಹೇಗೆ ಕೆಲಸ ಮಾಡುತ್ತದೆ, ಎಲ್ಲವೂ ಅದರಲ್ಲಿದೆ. ಓದಿದವರಿಗೆ ಸಂಶಯ ಉಳಿಯಬಾರದು.

ಕ್ಯಾಲಿಬ್ರೇಷನ್‌ಗೆ ನಾವು 7 ಮತ್ತು 4 ಬಫರ್ ಬಳಸುತ್ತೇವೆ, ಅಷ್ಟು ಸಾಕು. ಕೆಲಸ ಮುಗಿದ ಮೇಲೆ ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ವಾಟರ್‌ನಲ್ಲೇ ಇಡುತ್ತೇವೆ, ಶುದ್ಧವಾಗಿರುತ್ತದೆ. "ಇಡಿ" ಎಂದಷ್ಟೇ ಬರೆದರೆ ಹೊಸಬರು ಎಲ್ಲಿಡಬೇಕು ಎಂದು ತಿಳಿಯದೆ ಒಣಗಿಸಿಬಿಡುತ್ತಾರೆ. ನಿಮ್ಮ ಎಸ್‌ಒಪಿಯಲ್ಲಿ ಅದನ್ನು ಬರೆದೇ ಇಲ್ಲ.

ಬ್ಯೂರೆಟ್ ಅಕ್ಕ

"ಇಡಿ" ಎಂಬಲ್ಲಿ ಎಲ್ಲಿ, ಹೇಗೆ ಎಂದು ಬರೆಯಬೇಕು ಅಂದದ್ದು ಸರಿ. ಆದರೆ ದಯವಿಟ್ಟು ಡಿಸ್ಟಿಲ್ಡ್ ವಾಟರ್‌ನಲ್ಲಿ ಇಡಬೇಡಿ. ಎಲೆಕ್ಟ್ರೋಡಿನ ಒಳಗೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಇರುತ್ತದೆ. ಶುದ್ಧ ನೀರಿನಲ್ಲಿ ರಾತ್ರಿಯಿಡೀ ಇಟ್ಟರೆ ಆ ಉಪ್ಪು ಮೆಲ್ಲಗೆ ಹೊರಗೆ ಹೋಗುತ್ತಿರುತ್ತದೆ, ಗಾಜಿನ ಮೇಲಿನ ಪದರವೂ ಕೆಡುತ್ತದೆ. ರೀಡಿಂಗ್ ನಿಧಾನವಾಗುತ್ತಾ ಹೋಗುತ್ತದೆ. ಸಾಮಾನ್ಯ ಎಲೆಕ್ಟ್ರೋಡಿಗೆ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಅಥವಾ ತಯಾರಕರೇ ಕೊಡುವ ಸ್ಟೋರೇಜ್ ದ್ರಾವಣ ಬೇಕು. ಎರಡೂ ಕೈಯಲ್ಲಿಲ್ಲದ ದಿನ 4ರ ಬಫರ್‌ನಲ್ಲಿಟ್ಟರೂ ನಡೆಯುತ್ತದೆ.

7 ಮತ್ತು 4 ಸಾಕೇ ಎಂಬುದು ಸ್ಯಾಂಪಲ್ ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ಹೋಗುತ್ತದೆ. ನಿಮ್ಮ ಸ್ಯಾಂಪಲ್ 5, 6ರ ಆಸುಪಾಸಿನಲ್ಲಿದ್ದರೆ ಸಾಕು. ಇವರದು 7.6, 8.0. ಅದು 7 ಮತ್ತು 10ರ ನಡುವೆ ಬೀಳುವ ನೀರು. ಎರಡು ಬಫರ್ ಸ್ಯಾಂಪಲ್‌ನ ಎರಡೂ ಬದಿಗೆ ಇರಬೇಕು, ಇಲ್ಲದಿದ್ದರೆ ಅಳತೆಗೋಲಿನ ಆಚೆಗೆ ಅಂದಾಜು ಹಾಕಿದಂತೆ.

ಇನ್ನು ಕೇಳಿದವರಿಗೆ. ಎಸ್‌ಒಪಿ ಮಾತು ಆಮೇಲೆ ಆಡೋಣ, ಮೊದಲು ಎರಡು ಪ್ರಶ್ನೆ. ಆ ದಿನ ಬೆಳಿಗ್ಗೆಯವರು ಯಾವ ಬಫರ್ ಬಳಸಿದರು, ಸಂಜೆಯವರು ಯಾವುದು? ಮೀಟರ್ ತೋರಿಸಿದ ಸ್ಲೋಪ್ ಎಷ್ಟು?

ಮೂರು ಜನರ ಲ್ಯಾಬ್

ಕೇಳಿ ಬಂದೆ ಅಕ್ಕ. ಬೆಳಿಗ್ಗೆಯವರು 7 ಮತ್ತು 4, ಸಂಜೆಯವರು 7 ಮತ್ತು 10. ನಾನು "ಬಫರ್‌ಗಳಿಂದ" ಎಂದು ಬರೆದಿದ್ದೆ, ಇಬ್ಬರೂ ತಮಗೆ ಕಲಿಸಿದ ಕಾಲೇಜಿನ ಅಭ್ಯಾಸದಂತೆ ಮಾಡಿದ್ದಾರೆ. ಸ್ಲೋಪ್ ಎಷ್ಟಿತ್ತೋ ಗೊತ್ತಿಲ್ಲ. ರಿಜಿಸ್ಟರ್‌ನಲ್ಲಿ "ಕ್ಯಾಲಿಬ್ರೇಷನ್ ಓಕೆ" ಎಂಬ ಕಾಲಂ ಇದೆ, ಅದರಲ್ಲಿ ಟಿಕ್ ಮಾತ್ರ ಇದೆ. ಒಂದು ವರ್ಷದಿಂದ ಪ್ರತಿದಿನವೂ ಟಿಕ್.

ಬ್ಯೂರೆಟ್ ಅಕ್ಕ

ನಿಮ್ಮ ಎಸ್‌ಒಪಿಯ ಮೊದಲ ತೂತು ಆ ಟಿಕ್. ನಾಳೆ ಬೆಳಿಗ್ಗೆ ಮೀಟರನ್ನು ಮಿಲಿವೋಲ್ಟ್‌ಗೆ ಹಾಕಿ, ಹೊಸದಾಗಿ ಸುರಿದ 7 ಮತ್ತು 4 ಬಫರ್‌ಗಳಲ್ಲಿ ಬರುವ ಅಂಕಿಗಳನ್ನು ಇಲ್ಲಿ ಹಾಕಿ. 25 ಡಿಗ್ರಿಯ ಹತ್ತಿರ ಇರಲಿ. ಒಳ್ಳೆಯ ಎಲೆಕ್ಟ್ರೋಡ್ 7ರಲ್ಲಿ ಸೊನ್ನೆಯ ಆಸುಪಾಸು, 4ರಲ್ಲಿ ಹೆಚ್ಚುಕಡಿಮೆ 177 ತೋರಿಸಬೇಕು.

ಆಟೋಕ್ಲೇವ್ ಪಕ್ಕದವನು

ನಮ್ಮದು ಮೈಕ್ರೋಬಯಾಲಜಿ, ಪಿಎಚ್ ಅಷ್ಟಾಗಿ ಇಲ್ಲ. ಆದರೆ ಇದನ್ನೇ ನಾವೂ ಅನುಭವಿಸಿದ್ದೇವೆ. ನಮ್ಮ ಎಸ್‌ಒಪಿಯಲ್ಲಿ "121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ ಮಾಡಿ" ಎಂದಿತ್ತು. ಹೊಸ ಹುಡುಗ ಸ್ವಿಚ್ ಹಾಕಿದ ಗಳಿಗೆಯಿಂದ 15 ನಿಮಿಷ ಎಣಿಸಿದ. ಒಳಗೆ 121 ಮುಟ್ಟುವಷ್ಟರಲ್ಲಿ ಅವನ ಸಮಯವೇ ಮುಗಿದಿತ್ತು. ಎರಡು ದಿನ ಬಿಟ್ಟು ಏನೂ ಹಚ್ಚದ ಪ್ಲೇಟ್‌ಗಳಲ್ಲೂ ಕಾಲೊನಿ ಬಂದಾಗ ನಮಗೆ ಗೊತ್ತಾಯಿತು. ಅವನು ಕಾಗದದಲ್ಲಿದ್ದ ಪ್ರತಿ ಅಕ್ಷರವನ್ನೂ ಪಾಲಿಸಿದ್ದ. "ಡಿಸ್‌ಪ್ಲೇ 121 ತೋರಿಸಿದ ಮೇಲೆ ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ, ಅಲ್ಲಿಂದ 15 ನಿಮಿಷ" ಎಂದು ತಿದ್ದಿದೆವು. ಆಮೇಲೆ ಆ ತಪ್ಪು ಮರುಕಳಿಸಲಿಲ್ಲ.

ಎಲ್ಲ ವಿವರ ಬೇಕು

ಅದನ್ನೇ ನಾನೂ ಹೇಳಿದ್ದು, ವಿವರ ಬೇಕು.

ಆಟೋಕ್ಲೇವ್ ಪಕ್ಕದವನು

ಹೌದು ಸರ್, ಆದರೆ ನಮಗೆ ಬೇಕಾಗಿದ್ದು 22 ಪುಟವಲ್ಲ, ಆ ಒಂದು ವಾಕ್ಯ. ಅದು 22 ಪುಟದ ನಡುವೆ ಎಲ್ಲೋ ಇದ್ದಿದ್ದರೆ ಹುಡುಗ ಅದನ್ನು ಓದುತ್ತಿದ್ದನೋ ಇಲ್ಲವೋ.

ಮೂರು ತಿಂಗಳ ಟೆಕ್ನಿಷಿಯನ್

ನಾನು ಎಸ್‌ಒಪಿ ಬರೆಯುವವಳಲ್ಲ, ಅದನ್ನು ಇಟ್ಟುಕೊಂಡು ಕೆಲಸ ಮಾಡುವವಳು. ಹೇಳಬಹುದೋ ಇಲ್ಲವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ.

"ರೀಡಿಂಗ್ ಸ್ಥಿರವಾದ ಮೇಲೆ ಬರೆದುಕೊಳ್ಳಿ" ಎಂಬ ಸಾಲು ನಮ್ಮಲ್ಲೂ ಇದೆ. ಮೊದಲ ವಾರ ನಾನು ಮೀಟರ್ ಮುಂದೆ ಹತ್ತು ನಿಮಿಷ ನಿಂತಿದ್ದೇನೆ. 7.41, 7.43, 7.42, 7.45 ಹೀಗೆ ಹೋಗುತ್ತಲೇ ಇತ್ತು. ಇದು ಸ್ಥಿರವೋ ಅಲ್ಲವೋ? ಫೋನ್ ಮಾಡಿ ಕೇಳೋಣ ಎಂದರೆ, ಇಷ್ಟೂ ಗೊತ್ತಿಲ್ಲವೇ ಎಂದುಕೊಳ್ಳುತ್ತಾರೆ ಎಂಬ ಭಯ. ಕೊನೆಗೆ ನಡುವಿನ ಒಂದು ಅಂಕಿ ಬರೆದೆ. ಆ ದಿನದ ಇಪ್ಪತ್ತು ಸ್ಯಾಂಪಲ್‌ಗೂ ಹಾಗೇ ಮಾಡಿದೆ. ಅದು ತಪ್ಪು ಎಂದು ಒಳಗೆ ಅನಿಸುತ್ತಲೇ ಇತ್ತು, ಆದರೆ ನಿಲ್ಲಿಸಬಹುದು ಎಂದು ಕಾಗದದಲ್ಲಿ ಎಲ್ಲೂ ಬರೆದಿರಲಿಲ್ಲ. ಬರೆದಿದ್ದೆಲ್ಲ ಮುಂದಕ್ಕೆ ಹೋಗುವ ಮಾತೇ.

ಸರಿ ಬಾರದಿದ್ದರೆ ಏನು ಮಾಡಬೇಕು ಎಂದು ಒಂದು ಸಾಲು ಇದ್ದಿದ್ದರೂ ನಾನು ನಿಲ್ಲಿಸುತ್ತಿದ್ದೆ.

ಬ್ಯೂರೆಟ್ ಅಕ್ಕ

ಒಳ್ಳೆಯದಾಯಿತು ನೀವು ಬರೆದದ್ದು ತಂಗಿ. ನಾನು ಹೇಳಬೇಕೆಂದಿದ್ದ ಮಾತನ್ನು ನೀವು ಅನುಭವಿಸಿ ಹೇಳಿದ್ದೀರಿ. ಒಂಟಿಯಾಗಿ ಕೆಲಸ ಮಾಡುವವರಿಗೆ ಬರೆಯುವಾಗ ಪ್ರತಿ ಹೆಜ್ಜೆಗೂ ಮೂರು ಸಂಗತಿ ಬೇಕು: ಏನು ಮಾಡಬೇಕು, ಅದು ಸರಿಯಾಗಿದೆ ಎಂದು ಕಣ್ಣಿಗೆ ಏನು ಕಾಣುತ್ತದೆ, ಅದು ಕಾಣದಿದ್ದರೆ ಮುಂದೇನು. ನಮ್ಮಂಥವರು ಮೊದಲನೆಯದನ್ನು ಮಾತ್ರ ಬರೆಯುತ್ತೇವೆ. ಉಳಿದೆರಡು ನಮ್ಮ ಕಣ್ಣಿನಲ್ಲೇ ಇರುತ್ತವೆ, ಹಾಗಾಗಿ ಬರೆಯಬೇಕು ಎಂದು ಹೊಳೆಯುವುದೇ ಇಲ್ಲ.

"ಸ್ಥಿರ" ಎಂಬುದಕ್ಕೆ ನಾವು ಹಾಕಿಕೊಂಡಿರುವ ನಿಯಮ ಇದು: 30 ಸೆಕೆಂಡಿನಲ್ಲಿ ರೀಡಿಂಗ್ 0.02ಕ್ಕಿಂತ ಹೆಚ್ಚು ಅಲ್ಲಾಡದಿದ್ದರೆ ಅದು ಸ್ಥಿರ. 3 ನಿಮಿಷವಾದರೂ ನಿಲ್ಲದಿದ್ದರೆ ಅಂಕಿ ಬರೆಯಬೇಡಿ, "ನಿಲ್ಲಲಿಲ್ಲ" ಎಂದು ಬರೆಯಿರಿ. ಈ ಅಂಕಿಗಳು ನಮ್ಮ ಎಲೆಕ್ಟ್ರೋಡ್, ನಮ್ಮ ನೀರಿಗೆ ಹೊಂದಿದವು. ಉಪ್ಪಿನ ಅಂಶ ತೀರಾ ಕಡಿಮೆ ಇರುವ ನೀರಾದರೆ, ಡಿಸ್ಟಿಲ್ಡ್ ವಾಟರ್‌ನಂಥದ್ದು, ಒಳ್ಳೆಯ ಎಲೆಕ್ಟ್ರೋಡ್ ಕೂಡ ಅಷ್ಟು ಬೇಗ ನಿಲ್ಲುವುದಿಲ್ಲ. ನಿಮ್ಮ ಲ್ಯಾಬ್‌ನಲ್ಲಿ ಕೂತು ಹತ್ತಿಪ್ಪತ್ತು ಸ್ಯಾಂಪಲ್ ಮಾಡಿ, ನೋಡಿ, ನಿಮ್ಮದೇ ಅಂಕಿ ಹಾಕಿಕೊಳ್ಳಿ.

ಮೂರು ಜನರ ಲ್ಯಾಬ್

ಅಂಕಿಗಳು ಬಂದವು. ಹೊಸ ಬಫರ್, 25 ಡಿಗ್ರಿ. 7.00ರಲ್ಲಿ 2 ಮಿಲಿವೋಲ್ಟ್, 4.01ರಲ್ಲಿ 165 ಮಿಲಿವೋಲ್ಟ್. 165 ಎಂದರೆ 177ಕ್ಕಿಂತ ಕಡಿಮೆ, ಆದರೆ ಮೀಟರ್ ಮಾತ್ರ ಏನೂ ತಕರಾರಿಲ್ಲದೆ `CAL OK` ತೋರಿಸಿತು.

ಬ್ಯೂರೆಟ್ ಅಕ್ಕ

ಲೆಕ್ಕ ಹಾಕೋಣ. 25 ಡಿಗ್ರಿಯಲ್ಲಿ ಒಂದು ಪಿಎಚ್‌ಗೆ 59.16 ಮಿಲಿವೋಲ್ಟ್ ಬರಬೇಕು. ಅದರಲ್ಲಿ ಶೇಕಡಾ ಎಷ್ಟು ಬರುತ್ತದೋ ಅದೇ ಸ್ಲೋಪ್.

```
(165 - 2) / (7.00 - 4.01) = 54.5
54.5 / 59.16 = 0.921 = 92.1%
```

ಹೆಚ್ಚಿನವರು 95ಕ್ಕಿಂತ ಕೆಳಗೆ ಹೋದರೆ ಎಲೆಕ್ಟ್ರೋಡನ್ನು ಅನುಮಾನಿಸುತ್ತಾರೆ. ನಿಮ್ಮ ಮೀಟರ್ ಇನ್ನೂ ಕೆಳಗಿನವರೆಗೆ ಒಪ್ಪಿಕೊಳ್ಳುವಂತೆ ಹೊಂದಿಸಿದೆ ಅನಿಸುತ್ತದೆ. ಅದಕ್ಕೇ `CAL OK` ಎಂಬುದನ್ನು ಎಸ್‌ಒಪಿಯ ತೀರ್ಪಾಗಿ ಬಳಸಬಾರದು. ಮೀಟರ್ ಮಾಡಿದವರು ಎಲ್ಲ ಬಗೆಯ ಬಳಕೆದಾರರನ್ನೂ ಎಣಿಸಿ ಮಿತಿ ಇಟ್ಟಿರುತ್ತಾರೆ. ನಿಮ್ಮ ಮಿತಿಯನ್ನು ನೀವೇ ಇಡಬೇಕು. ರಿಜಿಸ್ಟರ್‌ನಲ್ಲಿ ಟಿಕ್ ಕಾಲಂ ತೆಗೆದು ಸ್ಲೋಪ್‌ನ ಅಂಕಿಯನ್ನೇ ಬರೆಸಿ. ಅಂಕಿ ಬರೆದಿದ್ದರೆ 98, 97, 95, 93 ಎಂದು ತಿಂಗಳುಗಟ್ಟಲೆ ಇಳಿದು ಬಂದದ್ದು ನಿಮ್ಮ ಕಣ್ಣಿಗೆ ಬೀಳುತ್ತಿತ್ತು.

ಈಗ ಎಲೆಕ್ಟ್ರೋಡ್ ತೊಳೆಯಿರಿ. ಗಡಸು ನೀರಿನ ಸುಣ್ಣದಂಥ ಪದರವಾದರೆ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 15 ನಿಮಿಷ, ಆಮೇಲೆ ತೊಳೆದು ಸ್ಟೋರೇಜ್ ದ್ರಾವಣದಲ್ಲಿ ಒಂದು ಗಂಟೆಯಾದರೂ ಇಡಿ. ಜಿಡ್ಡಾದರೆ ಸೌಮ್ಯವಾದ ಡಿಟರ್ಜೆಂಟ್. ಒಳಗಿನ ದ್ರಾವಣ ತುಂಬಿಸುವ ಬಗೆಯದಾದರೆ ಅದನ್ನೂ ಬದಲಿಸಿ.

ಎಲ್ಲ ವಿವರ ಬೇಕು

ಅಂದರೆ ಸ್ಲೋಪ್ 92 ಇದ್ದದ್ದಕ್ಕೇ ರೀಡಿಂಗ್ 0.4 ವ್ಯತ್ಯಾಸ ಬಂತು. ಕಾರಣ ಸಿಕ್ಕಿತಲ್ಲ.

ಬ್ಯೂರೆಟ್ ಅಕ್ಕ

ಇಲ್ಲ, ಅಷ್ಟು ಬೇಗ ಹೇಳಲಾಗದು. ಬಫರ್ ತಾಜಾ ಇದ್ದು, ಸ್ಯಾಂಪಲ್ ಅವುಗಳ ನಡುವೆ ಇದ್ದರೆ ಮೀಟರ್ ಆ 92ನ್ನೇ ಲೆಕ್ಕಕ್ಕೆ ತೆಗೆದುಕೊಂಡು ರೀಡಿಂಗ್ ಕೊಡುತ್ತದೆ. ಕಡಿಮೆ ಸ್ಲೋಪ್ ತಾನೇ ತಪ್ಪು ಅಂಕಿ ಅಲ್ಲ. ಎಲೆಕ್ಟ್ರೋಡ್ ದಣಿದಿದೆ ಅಥವಾ ಬಫರ್ ಕೆಟ್ಟಿದೆ ಎಂಬ ಸೂಚನೆ ಅದು. ಸಂಜೆಯವರ 10ರ ಬಫರ್ ಎಷ್ಟು ಹಳೆಯದು?

ಮೂರು ಜನರ ಲ್ಯಾಬ್

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಎಲೆಕ್ಟ್ರೋಡ್ ತೊಳೆದ ಮೇಲೆ 7ರಲ್ಲಿ ಮೈನಸ್ 4, 4ರಲ್ಲಿ 170 ಬಂತು. 174 ಮಿಲಿವೋಲ್ಟ್ ಅಂತರ, ಅಂದರೆ 98.4 ಶೇಕಡಾ. ರೀಡಿಂಗ್ ಈಗ ಒಂದು ನಿಮಿಷದೊಳಗೆ ನಿಲ್ಲುತ್ತದೆ.

10ರ ಬಫರ್ ವಿಷಯ. ಬಾಟಲಿ ಯಾವಾಗ ತೆರೆದದ್ದು ಎಂದು ಬರೆದೇ ಇರಲಿಲ್ಲ. ಬೀಕರ್‌ನಲ್ಲಿ ಉಳಿದದ್ದನ್ನು ವಾಪಸ್ ಬಾಟಲಿಗೆ ಸುರಿಯುವುದು ನಡೆಯುತ್ತಿತ್ತಂತೆ. ವ್ಯರ್ಥ ಮಾಡಬಾರದು ಎಂಬ ಒಳ್ಳೆಯ ಬುದ್ಧಿಯಿಂದಲೇ. ಹೊಸ ಬಾಟಲಿ ತೆರೆದು ಅದರಿಂದ ಕ್ಯಾಲಿಬ್ರೇಟ್ ಮಾಡಿ ಹಳೆಯದನ್ನು ಅಳೆದರೆ 9.84 ಬಂತು.

ಬ್ಯೂರೆಟ್ ಅಕ್ಕ

ನಿರೀಕ್ಷಿಸಿದ್ದೆ. 10ರ ಬಫರ್ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಇಳಿಯುತ್ತದೆ. 4 ಮತ್ತು 7 ಅಷ್ಟಾಗಿ ಅಲ್ಲಾಡುವುದಿಲ್ಲ. ಮೀಟರ್ ಅದನ್ನು 10.01 ಎಂದು ನಂಬಿದ್ದರೆ 7ರ ಮೇಲಿನ ಅಂಕಿಗಳೆಲ್ಲ ಹಿಗ್ಗುತ್ತವೆ. ಎಷ್ಟು ಹಿಗ್ಗುತ್ತವೆ ಎಂದು ನೋಡಿ: 7ರಿಂದ 9.84ಕ್ಕೆ ಇರುವ 2.84ನ್ನು ಮೀಟರ್ 3.01 ಎಂದು ಎಣಿಸುತ್ತದೆ. ನಿಮ್ಮ ನೀರು ನಿಜವಾಗಿ 7.9 ಇದ್ದರೆ 7ರ ಮೇಲಿನ 0.9 ಹಿಗ್ಗಿ 0.95 ಆಗುತ್ತದೆ. ಮೀಟರ್ 7.95 ತೋರಿಸುತ್ತದೆ. ಅಂದರೆ ಹಳೆಯ ಬಫರ್ ತಂದ ತಪ್ಪು 0.05 ಅಷ್ಟೇ. 0.4ರಲ್ಲಿ ಇನ್ನೂ ಹೆಚ್ಚಿನ ಪಾಲು ಬೇರೆಲ್ಲೋ ಇದೆ.

ಬಾಟಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಹೇಗಿತ್ತು?

ಮೂರು ಜನರ ಲ್ಯಾಬ್

ಅರ್ಧ ಖಾಲಿ, ಮುಚ್ಚಳ ಸಡಿಲ, ಬೆಂಚಿನ ಮೇಲೆ. ಅದು ಬೋರ್‌ವೆಲ್ ನೀರು.

ನೀವು ಕೇಳಿದ ಮೇಲೆ ನಿನ್ನೆ ಪರೀಕ್ಷಿಸಿ ನೋಡಿದೆ. ಅದೇ ಬೋರ್‌ವೆಲ್‌ನ ಹೊಸ ನೀರು, ಅದೇ ಎಲೆಕ್ಟ್ರೋಡ್, ತಾಜಾ ಬಫರ್, ಎರಡೂ ಸಲ ನಾನೇ ಅಳೆದದ್ದು. ಬೆಳಿಗ್ಗೆ 7.60. ಅರ್ಧ ಬಾಟಲಿಯನ್ನು ಹಾಗೇ ಬಿಟ್ಟು ಸಂಜೆ 4ಕ್ಕೆ ಅಳೆದರೆ 7.93.

ಬ್ಯೂರೆಟ್ ಅಕ್ಕ

ಸಿಕ್ಕಿತು. ನೆಲದೊಳಗಿನ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೆಚ್ಚಿರುತ್ತದೆ. ಹೊರಗೆ ಬಂದು ಗಾಳಿಗೆ ತೆರೆದುಕೊಂಡರೆ ಅದು ಹೊರಟುಹೋಗುತ್ತದೆ, ಪಿಎಚ್ ಏರುತ್ತದೆ. ನಿಮ್ಮ ಇಬ್ಬರು ಟೆಕ್ನಿಷಿಯನ್‌ಗಳೂ ತಮ್ಮ ಮುಂದಿದ್ದ ನೀರನ್ನು ಹೆಚ್ಚುಕಡಿಮೆ ಸರಿಯಾಗಿಯೇ ಅಳೆದಿದ್ದಾರೆ. ಆ ಹೊತ್ತಿಗೆ ನೀರೇ ಬದಲಾಗಿತ್ತು. ಪಿಎಚ್ ಸ್ಯಾಂಪಲ್ ತೆಗೆದ ಸ್ಥಳದಲ್ಲೇ ಅಳೆಯಬೇಕಾದದ್ದು. 15 ನಿಮಿಷಕ್ಕಿಂತ ತಡ ಮಾಡಬಾರದು ಎಂಬುದು ನೀರಿನ ಪರೀಕ್ಷೆಯಲ್ಲಿ ಹಲವರು ಇಟ್ಟುಕೊಳ್ಳುವ ಮಿತಿ. ಹಾಗಾಗಿ ನಿಮ್ಮ ಎಸ್‌ಒಪಿ ಮೀಟರ್ ಆನ್ ಮಾಡುವಲ್ಲಿ ಶುರುವಾಗಬಾರದು, ಬಾಟಲಿ ಕೈಗೆ ಬಂದಲ್ಲಿಂದ ಶುರುವಾಗಬೇಕು.

ಮೂರು ಜನರ ಲ್ಯಾಬ್

ಅವರಿಬ್ಬರ ಮುಂದೆ ಇದನ್ನು ಹೇಳಿದೆ. ಒಂದು ವಾರದಿಂದ ಇಬ್ಬರೂ ಪರಸ್ಪರ ಸರಿಯಾಗಿ ಮಾತಾಡುತ್ತಿರಲಿಲ್ಲ, ತಪ್ಪು ಯಾರದು ಎಂಬ ಭಾರ ಇಬ್ಬರ ಮೇಲೂ ಇತ್ತು. ನಾನು ಬರೆದ ಐದು ಸಾಲಿನಿಂದ ಬಂದ ಭಾರ ಅದು.

ಸ್ಥಳದಲ್ಲೇ ಅಳೆಯಲು ನಮ್ಮಲ್ಲಿ ಇನ್ನೊಂದು ಮೀಟರ್ ಇಲ್ಲ. ಸದ್ಯಕ್ಕೆ ಬಾಟಲಿಯನ್ನು ತುಂಬ ತುಂಬಿಸಿ, ಗಾಳಿಗೆ ಜಾಗ ಬಿಡದೆ ಮುಚ್ಚಿ ತಂದು, ತೆರೆದ ಕೂಡಲೇ ಅಳೆಯುವುದು ಎಂದು ಮಾಡಿಕೊಂಡಿದ್ದೇನೆ. ರಿಪೋರ್ಟ್‌ನಲ್ಲಿ ಸ್ಯಾಂಪಲ್ ತೆಗೆದ ಸಮಯ, ಅಳೆದ ಸಮಯ ಎರಡನ್ನೂ ಹಾಕುತ್ತೇನೆ. ಹೊಸದಾಗಿ ಬರೆದದ್ದು ಇಲ್ಲಿದೆ, ತಿದ್ದಿಕೊಡಿ:

"ಬಾಟಲಿ ನೋಡಿ. ಕುತ್ತಿಗೆಯವರೆಗೆ ತುಂಬಿರಬೇಕು, ಸೀಲ್ ಇರಬೇಕು. ಇಲ್ಲದಿದ್ದರೆ ಅಳೆಯಿರಿ, ಆದರೆ ಷರಾ ಕಾಲಂನಲ್ಲಿ 'ಬಾಟಲಿ ತುಂಬಿರಲಿಲ್ಲ' ಎಂದು ಬರೆಯಿರಿ. ಕ್ಯಾಲಿಬ್ರೇಷನ್ ಮುಗಿಯುವವರೆಗೆ ಬಾಟಲಿ ತೆರೆಯಬೇಡಿ.

7, 4, 10 ಬಫರ್‌ಗಳನ್ನು ಮೂರು ಬೀಕರ್‌ಗೆ ಹೊಸದಾಗಿ ಸುರಿಯಿರಿ. ಬಾಟಲಿಯ ಮೇಲೆ ತೆರೆದ ದಿನಾಂಕ ಇಲ್ಲದಿದ್ದರೆ ಆ ಬಾಟಲಿ ಬಳಸಬೇಡಿ. ಬೀಕರ್‌ನಲ್ಲಿ ಉಳಿದದ್ದನ್ನು ಸಿಂಕಿಗೆ ಚೆಲ್ಲಿ, ಬಾಟಲಿಗೆ ವಾಪಸ್ ಹಾಕಬೇಡಿ.

ಮೊದಲು 7, ಆಮೇಲೆ 4, ಆಮೇಲೆ 10. ಪ್ರತಿ ಸಲವೂ 30 ಸೆಕೆಂಡಿನಲ್ಲಿ ಅಂಕಿ 0.02ಕ್ಕಿಂತ ಹೆಚ್ಚು ಅಲ್ಲಾಡದಿದ್ದಾಗ `CAL` ಒತ್ತಿ. ಸ್ಲೋಪ್ ಬರೆಯಿರಿ. 95ರಿಂದ 105ರೊಳಗೆ ಇದ್ದರೆ ಮುಂದಿನ ಹೆಜ್ಜೆ. ಇಲ್ಲದಿದ್ದರೆ ಬಫರ್ ಹೊಸದಾಗಿ ಸುರಿದು ಒಂದೇ ಒಂದು ಸಲ ಮತ್ತೆ ಮಾಡಿ. ಆಗಲೂ ಬಾರದಿದ್ದರೆ ಇವತ್ತು ಈ ಮೀಟರ್‌ನಲ್ಲಿ ಪಿಎಚ್ ಅಳೆಯುವಂತಿಲ್ಲ. ಹಳದಿ ಚೀಟಿ ಅಂಟಿಸಿ, ನನಗೆ ಫೋನ್ ಮಾಡಿ, ಬೇರೆ ಪರೀಕ್ಷೆಗೆ ಹೋಗಿ. ಹೀಗೆ ನಿಲ್ಲಿಸಿದ್ದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

ಬೇರೆ ಲಾಟ್‌ನ 7ರ ಬಫರನ್ನು ಸ್ಯಾಂಪಲ್‌ನಂತೆ ಅಳೆಯಿರಿ. 6.95ರಿಂದ 7.05ರೊಳಗೆ ಬಂದರೆ ಸ್ಯಾಂಪಲ್ ತೆರೆಯಿರಿ. ಪ್ರತಿ 10 ಸ್ಯಾಂಪಲ್‌ಗೆ ಇದನ್ನೇ ಮತ್ತೆ ಮಾಡಿ. ಹೊರಗೆ ಹೋದರೆ, ಹಿಂದೆ ಸರಿ ಬಂದಿದ್ದ ಸಲದಿಂದ ಈಚೆಗಿನ ಎಲ್ಲ ಸ್ಯಾಂಪಲ್‌ಗಳನ್ನೂ ಮತ್ತೆ ಅಳೆಯಬೇಕು."

ಮೂರು ತಿಂಗಳ ಟೆಕ್ನಿಷಿಯನ್

"ಯಾರೂ ಕಾರಣ ಕೇಳುವುದಿಲ್ಲ" ಎಂಬ ಸಾಲನ್ನು ತೆಗೆಯಬೇಡಿ ಸರ್.

ಬ್ಯೂರೆಟ್ ಅಕ್ಕ

ಚೆನ್ನಾಗಿದೆ. "ಒಂದೇ ಒಂದು ಸಲ" ಎಂದು ಹಾಕಿದ್ದು ಬಹಳ ಮುಖ್ಯ, ಇಲ್ಲದಿದ್ದರೆ ಸರಿ ಬರುವವರೆಗೆ ಮಾಡುತ್ತಲೇ ಇರುತ್ತಾರೆ, ಕೊನೆಗೆ ಅದೃಷ್ಟದಿಂದ ಬಂದ ಸಲವನ್ನು ಬರೆಯುತ್ತಾರೆ.

ಎರಡು ಆಕ್ಷೇಪ. 7ರ ಬಫರ್‌ನಿಂದಲೇ ಕ್ಯಾಲಿಬ್ರೇಟ್ ಮಾಡಿ 7ರಿಂದಲೇ ಪರೀಕ್ಷಿಸಿದರೆ 10ರ ಬಫರ್ ಕೆಟ್ಟಿದ್ದು ಕಾಣುವುದಿಲ್ಲ. 7ರಲ್ಲಿ ಹಿಗ್ಗಲು ಏನೂ ಇಲ್ಲವಲ್ಲ. ನಿಮ್ಮ ನೀರು 8ರ ಹತ್ತಿರ ಇರುವುದರಿಂದ ಪರೀಕ್ಷೆಯ ಬಫರ್ 8 ಅಥವಾ 9ರ ಆಸುಪಾಸಿನದಾಗಲಿ. ಎರಡನೆಯದು, 10.01 ಎಂಬುದು 25 ಡಿಗ್ರಿಯ ಅಂಕಿ. 20 ಡಿಗ್ರಿಯಲ್ಲಿ ಅದೇ ಬಫರ್ 10.06ರ ಹತ್ತಿರ. ಬಾಟಲಿಯ ಮೇಲೆಯೇ ಪಟ್ಟಿ ಇರುತ್ತದೆ. ನಿಮ್ಮ ಮೀಟರ್ ಬಫರನ್ನು ತಾನೇ ಗುರುತಿಸುತ್ತದೆಯೋ ಅಥವಾ ಅಂಕಿ ಕೈಯಲ್ಲಿ ಹಾಕಬೇಕೋ ನೋಡಿ, ಕೈಯಲ್ಲಿ ಹಾಕುವುದಾದರೆ ಆ ಪಟ್ಟಿಯನ್ನು ಎಸ್‌ಒಪಿಯಲ್ಲೇ ಕೊಡಿ.

ಇನ್ನೊಂದು ಕೆಲಸ ಮಾಡಿ. ಇದನ್ನು ನಿಮ್ಮ ಇಬ್ಬರಲ್ಲಿ ಒಬ್ಬರ ಕೈಗೆ ಕೊಟ್ಟು, ನೀವು ಮೂಲೆಯಲ್ಲಿ ಕೂತು ನೋಡಿ. ಏನೇ ಆದರೂ ಮಾತಾಡಬೇಡಿ. ಅವರು ಎಲ್ಲಿ ನಿಂತು ನಿಮ್ಮ ಕಡೆ ನೋಡುತ್ತಾರೋ ಅಲ್ಲೆಲ್ಲ ಗುರುತು ಹಾಕಿಕೊಳ್ಳಿ.

ಬರೆದಿದ್ದೇ ದಾಖಲೆ

ಒಂದು ಮಾತು ಸೇರಿಸಲೇ? ನಾನು ಮೊದಲು ಪ್ರಶ್ನೆಯನ್ನು ಬೇರೆ ರೀತಿ ಅರ್ಥ ಮಾಡಿಕೊಂಡಿದ್ದೆ. ಆದರೂ ರಿವಿಷನ್ ನಂಬರ್ ವಿಷಯ ಇಲ್ಲಿಗೂ ಬರುತ್ತದೆ. ಹೊಸದನ್ನು ಫೈಲಿಗೆ ಹಾಕಿ, ಮೀಟರ್ ಪಕ್ಕ ಗೋಡೆಗೆ ಅಂಟಿಸಿದ ಹಳೆಯದನ್ನು ಮರೆತವರು ಬಹಳ. ಹೊಸಬರು ಫೈಲ್ ತೆರೆಯುವುದಿಲ್ಲ, ಗೋಡೆ ನೋಡುತ್ತಾರೆ.

ಮೂರು ಜನರ ಲ್ಯಾಬ್

ಗೋಡೆಯ ಮೇಲೆ ಹಳೆಯದು ಇತ್ತು ಸರ್. ಈಗಷ್ಟೇ ತೆಗೆದು ಬಂದೆ.

ಮೂಲೆಯಲ್ಲಿ ಕೂತು ನೋಡಿದ್ದೂ ಆಯಿತು. ಸುಮ್ಮನೆ ಕೂರುವುದು ಇಷ್ಟು ಕಷ್ಟ ಎಂದುಕೊಂಡಿರಲಿಲ್ಲ. ಅವರು ಮೂರು ಕಡೆ ನಿಂತರು. ಎಲೆಕ್ಟ್ರೋಡಿನ ಪಕ್ಕದಲ್ಲಿರುವ ಚಿಕ್ಕ ರಬ್ಬರ್ ಮುಚ್ಚಳವನ್ನು ಅಳೆಯುವಾಗ ತೆರೆಯಬೇಕು, ಒಳಗಿನ ದ್ರಾವಣದ ಮಟ್ಟ ಬೀಕರ್‌ನ ನೀರಿಗಿಂತ ಮೇಲಿರಬೇಕು. ನಾನು ಅದನ್ನು ಬರೆದೇ ಇರಲಿಲ್ಲ, ನನ್ನ ಹೆಬ್ಬೆರಳು ತಾನಾಗಿ ಮಾಡುತ್ತದೆ. ಎರಡನೆಯದು "ಒರೆಸಿ". ಅವರು ಟಿಶ್ಯೂವಿನಿಂದ ಗಾಜಿನ ತುದಿಯನ್ನು ಗಟ್ಟಿಯಾಗಿ ಉಜ್ಜಿದರು. ಉಜ್ಜಿದರೆ ಸ್ಥಿರ ವಿದ್ಯುತ್ ಹುಟ್ಟಿ ರೀಡಿಂಗ್ ಅಲೆಯುತ್ತದೆ, ಗಾಜೂ ಗೀರಬಹುದು. "ಟಿಶ್ಯೂ ತಾಗಿಸಿ ಹನಿ ಹೀರಿಸಿ, ಉಜ್ಜಬೇಡಿ" ಎಂದು ಬದಲಿಸಿದೆ. ಮೂರನೆಯದು, ಸ್ಯಾಂಪಲ್ ಕಲಕಬೇಕೇ ಬೇಡವೇ. ಅವರು ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ.

ಎಲ್ಲ ವಿವರ ಬೇಕು

ನಮ್ಮ 22 ಪುಟದಲ್ಲಿ ಆ ರಬ್ಬರ್ ಮುಚ್ಚಳದ ಮಾತಿದೆಯೇ ಎಂದು ಹುಡುಕಿದೆ. ಇಲ್ಲ. ಸ್ಟೋರೇಜ್ ದ್ರಾವಣ ಇವತ್ತು ತರಿಸಿದೆ. ಆದರೂ ನಿಮ್ಮ ಹೊಸ ಎಸ್‌ಒಪಿಯಲ್ಲಿ ಕಾರಣಗಳೇ ಇಲ್ಲದಿರುವುದನ್ನು ನಾನು ಒಪ್ಪುವುದಿಲ್ಲ. ವಾಪಸ್ ಸುರಿಯಬೇಡಿ ಎಂದು ಮಾತ್ರ ಬರೆದರೆ ಉಳಿತಾಯದ ಬುದ್ಧಿ ಇರುವವರು ಸುರಿದೇ ಸುರಿಯುತ್ತಾರೆ. ಯಾಕೆ ಎಂದು ತಿಳಿದರೆ ಸುರಿಯುವುದಿಲ್ಲ.

ಆಟೋಕ್ಲೇವ್ ಪಕ್ಕದವನು

ನಾವು ಕಾರಣಗಳನ್ನು ಕಾಗದದ ಹಿಂಬದಿಯಲ್ಲಿ ಹಾಕಿದ್ದೇವೆ. ಮುಂದಿನ ಬದಿ ಕೈಗೆ, ಹಿಂದಿನ ಬದಿ ಓದುವುದಕ್ಕೆ. ಆದರೆ ಯಾರಾದರೂ ತಿರುಗಿಸಿ ಓದುತ್ತಾರೋ ಇಲ್ಲವೋ ನನಗೆ ಖಾತ್ರಿಯಿಲ್ಲ.

ಬ್ಯೂರೆಟ್ ಅಕ್ಕ

ಎಲ್ಲಿ ಮನುಷ್ಯನ ಒಳ್ಳೆಯ ಬುದ್ಧಿಯೇ ತಪ್ಪು ಮಾಡಿಸುತ್ತದೋ ಅಲ್ಲಿ ಮಾತ್ರ ಕಾರಣವನ್ನು ಮುಂದಿನ ಬದಿಯಲ್ಲೇ, ಅದೇ ಸಾಲಿನಲ್ಲಿ ಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಬಫರ್ ವಾಪಸ್ ಸುರಿಯುವುದು, ಡಿಸ್ಟಿಲ್ಡ್ ವಾಟರ್‌ನಲ್ಲಿ ಇಡುವುದು, ಎರಡೂ ಅಂಥವು. ಉಳಿದ ಕಡೆ ಬೇಡ. ಇದರಲ್ಲಿ ಬೇರೆ ಅಭಿಪ್ರಾಯ ಇರುವವರು ಇದ್ದಾರೆ, ಇರಲಿ.

ಕಲಕುವ ವಿಷಯ: ಬಫರನ್ನು ಹೇಗೆ ಅಳೆಯುತ್ತೀರೋ ಸ್ಯಾಂಪಲನ್ನೂ ಹಾಗೇ ಅಳೆಯಿರಿ. ನಿಧಾನವಾಗಿ ಕಲಕುವುದಾದರೆ ಎರಡನ್ನೂ ಕಲಕಿ. ಜೋರಾಗಿ ಮಾತ್ರ ಬೇಡ, ನಿಮ್ಮ ಬೋರ್‌ವೆಲ್ ನೀರು ಅದರಿಂದಲೇ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಟ್ಟುಕೊಡುತ್ತದೆ.

ಮೂರು ಜನರ ಲ್ಯಾಬ್

ಹಾಗೇ ಬರೆದೆ. 9ರ ಬಫರ್ ಬರಬೇಕು, ಬರುವವರೆಗೆ 10ರದ್ದೇ ಬೇರೆ ಲಾಟ್‌ನಿಂದ ಪರೀಕ್ಷಿಸುತ್ತೇವೆ.

ನಿನ್ನೆ ನಾನು ಹೊರಗಿದ್ದಾಗ ಫೋನ್ ಬಂತು. ಸ್ಲೋಪ್ 93, ಬಫರ್ ಹೊಸದಾಗಿ ಸುರಿದ ಮೇಲೂ 93, ಹಳದಿ ಚೀಟಿ ಅಂಟಿಸಿದ್ದೇನೆ, ಗಡಸುತನದ ಪರೀಕ್ಷೆಗೆ ಹೋಗುತ್ತಿದ್ದೇನೆ ಸರ್, ಅಂದರು. ಸಂಜೆ ಬಂದು ನೋಡಿದರೆ ಎಲೆಕ್ಟ್ರೋಡಿನೊಳಗೆ ದ್ರಾವಣ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ತುಂಬಿಸಿ ಒಂದು ಗಂಟೆ ಇಟ್ಟ ಮೇಲೆ 97 ಬಂತು. ಅದು ಅಷ್ಟು ಬೇಗ ಯಾಕೆ ಇಳಿಯಿತು, ಎಲ್ಲಾದರೂ ಬಿರುಕು ಇದೆಯೇ, ಇನ್ನೂ ಗೊತ್ತಾಗಿಲ್ಲ. ಮಟ್ಟವನ್ನೂ ದಿನಾ ರಿಜಿಸ್ಟರ್‌ನಲ್ಲಿ ಬರೆಸುತ್ತಿದ್ದೇನೆ. ಯಾರಿಗಾದರೂ ಹೀಗೆ ಆಗಿದ್ದರೆ ತಿಳಿಸಿ.